ದಿನಾಂಕ ಬಿಟ್ಟು ಗಂಟೆ ಬರೆದೆ: ಬಂದ್ ದಿನದ ನೋಟಿಸ್, ನನ್ನ ಅನುಭವ

2023ರ ಸೆಪ್ಟೆಂಬರ್ 26, ಕಾವೇರಿ ವಿಚಾರಕ್ಕೆ ಬೆಂಗಳೂರು ಬಂದ್. ನಮ್ಮ ಕಾರ್ಖಾನೆಯ ಫಲಕಕ್ಕೆ ನಾನು ಅಂಟಿಸಿದ್ದು ಒಂದೇ ಸಾಲು: ‘26ರಂದು ರಜೆ.’ 25ರ ರಾತ್ರಿ 10ರ ಪಾಳಿ ಮುಗಿಯುವುದು 26ರ ಬೆಳಿಗ್ಗೆ 6ಕ್ಕೆ. ಅದು ರಜೆಯೋ ಅಲ್ಲವೋ? ಅರ್ಧ ಜನ ಬರಲಿಲ್ಲ. ಬಂದ ಮೂವತ್ತು ಚಿಲ್ಲರೆ ಜನ ಬಂದ್ ಶುರುವಾಗುವ ಹೊತ್ತಿಗೇ ಗೇಟಿನ ಹೊರಗೆ ನಿಂತಿದ್ದರು. ನಮ್ಮ ಬಾಡಿಗೆ ಬಸ್ಸಿನವನು ಬರಲು ಒಪ್ಪಲಿಲ್ಲ. ಆಟೋ, ವ್ಯಾನುಗಳಿಗೆ ಹದಿನಾಲ್ಕು ಸಾವಿರದಷ್ಟು ಹೋಯಿತು.

ಅದಕ್ಕಿಂತ ದೊಡ್ಡ ನಷ್ಟ ಸಂಬಳದ್ದು. ಮುಂದಿನ ಭಾನುವಾರ ಕೆಲಸ ಮಾಡಿಸಿ ಸರಿದೂಗಿಸೋಣ ಎಂದುಕೊಂಡಿದ್ದೆ. ಆದರೆ ಆಗಿನ ಕಾರ್ಖಾನೆ ಕಾಯಿದೆಯ 52ನೇ ಕಲಮಿನ ಪ್ರಕಾರ ಬದಲಿ ರಜೆ ಆ ಭಾನುವಾರದ ಹಿಂದಿನ ಅಥವಾ ಮುಂದಿನ ಮೂರು ದಿನಗಳೊಳಗೇ ಬೀಳಬೇಕಿತ್ತು. ಮಂಗಳವಾರದಿಂದ ಭಾನುವಾರಕ್ಕೆ ಐದು ದಿನ. ಎರಡು ಪಾಳಿಯ ಸಂಬಳ ಕಂಪನಿಯ ತಲೆಗೇ ಬಂತು.

29ರ ಶುಕ್ರವಾರ ಕರ್ನಾಟಕ ಬಂದ್. ಭಾನುವಾರಕ್ಕೆ ಎರಡೇ ದಿನ, ಲೆಕ್ಕ ಕೂಡಿತು. ಆದರೆ ರಜೆಗೂ ಮೊದಲೇ ಕಾರ್ಖಾನೆಗಳ ಇನ್‌ಸ್ಪೆಕ್ಟರ್ ಕಚೇರಿಗೆ ನೋಟಿಸ್ ಮುಟ್ಟಬೇಕಿತ್ತು, ಫಲಕದಲ್ಲೂ ಇರಬೇಕಿತ್ತು. 28 ಈದ್ ಮಿಲಾದ್, ಸರ್ಕಾರಿ ರಜೆ. ಹಾಗಾಗಿ 27ರ ಮಧ್ಯಾಹ್ನವೇ ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಈ ಸಲ ಬರೆದದ್ದು ಹೀಗೆ:

‘ಗುರುವಾರ ರಾತ್ರಿ 10ಕ್ಕೆ ಬರುವವರು ಬನ್ನಿ, ಬೆಳಗಿನ ಜಾವ 4.30ಕ್ಕೆ ಬಸ್ ಹೊರಡುತ್ತದೆ, ಪೂರ್ತಿ ಪಾಳಿಯ ಸಂಬಳ. ಶುಕ್ರವಾರ ಬೆಳಿಗ್ಗೆ 6ರ ಮತ್ತು ಮಧ್ಯಾಹ್ನ 2ರ ಪಾಳಿ ಇಲ್ಲ. ಆ ಎರಡು ಪಾಳಿಯವರಿಗೆ ಭಾನುವಾರ ಕೆಲಸ. ಶುಕ್ರವಾರ ರಾತ್ರಿ 10ರ ಪಾಳಿ ಎಂದಿನಂತೆ.’

“ಇಷ್ಟುದ್ದ ಬರೆದರೆ ಯಾರು ಓದುತ್ತಾರೆ ಸಾರ್?” ಎಂದರು ಮೇಲ್ವಿಚಾರಕರು. ಸೋಮವಾರ ಗಾಂಧಿ ಜಯಂತಿ. ಭಾನುವಾರ ಯಾರೂ ಬರುವುದಿಲ್ಲ, ಊರಿಗೆ ಹೋಗುತ್ತಾರೆ ಎಂದು ಪಂತವನ್ನೇ ಕಟ್ಟಿದರು. ಹತ್ತರಲ್ಲಿ ಎಂಟು ಜನ ಬಂದರು. ಗೇಟಿನಲ್ಲಿ ಒಬ್ಬರೂ ಸಿಕ್ಕಿಕೊಳ್ಳಲಿಲ್ಲ. ಭಾನುವಾರಕ್ಕೆ ಯೂನಿಯನ್ನಿನವರನ್ನು ಒಪ್ಪಿಸಿದ್ದು ಹೇಗೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ನಡುವೆ ಇನ್ನೊಂದನ್ನೂ ಮಾಡಿ ನೋಡಿದೆ. ಅದೇ ನೋಟಿಸನ್ನು ನನ್ನ ದನಿಯಲ್ಲಿ ಓದಿ ಪಾಳಿಯ ವಾಟ್ಸಾಪ್ ಗುಂಪುಗಳಿಗೆ ಹಾಕಿದೆ. ಗುತ್ತಿಗೆ ಕೆಲಸಗಾರರಿಗೆ ಅದು ಚೆನ್ನಾಗಿ ಮುಟ್ಟಿತು. ಆದರೆ ಕಳೆದ ವಾರದ ದನಿಯನ್ನೇ ಯಾರೋ ಮತ್ತೆ ಹಂಚಿದ್ದರಿಂದ ಆರೇಳು ಜನ ಗೊಂದಲಕ್ಕೆ ಬಿದ್ದರು. ಈಗ ವಾರ, ತಾರೀಖು, ನೋಟಿಸಿನ ಸಂಖ್ಯೆ ಹೇಳಿಯೇ ಮಾತು ಶುರುಮಾಡುತ್ತೇನೆ.

ಮಳೆಗೆ ಈ ಉಪಾಯ ಅರ್ಧ ಮಾತ್ರ ಒದಗುತ್ತದೆ. ಬಂದ್ ಮೊದಲೇ ಗೊತ್ತಿರುತ್ತದೆ. ರಾತ್ರಿ ಸುರಿದು ಬೆಳಿಗ್ಗೆ ರಸ್ತೆ ಮುಳುಗಿದರೆ ಮುಂಚಿತ ನೋಟಿಸ್ ಎಲ್ಲಿಂದ ತರುವುದು? ಆಗ ಭಾನುವಾರದ ಆಸೆ ಬಿಟ್ಟು, ಗಂಟೆಗಳನ್ನಷ್ಟೇ ಸ್ಪಷ್ಟವಾಗಿ ಬರೆಯುತ್ತೇನೆ.