ಬೇರೆಯವರ ಟಿಕೆಟ್ ಕೊಳ್ಳುವ ಮುನ್ನ ಏನೇನು ನೋಡಬೇಕು?

ಹಬ್ಬದ ರಜೆ ಮುಗಿಯುವ ಭಾನುವಾರ ತಾಳಗುಪ್ಪದಿಂದ ಬೆಂಗಳೂರು ಕಡೆ ಹೊರಡುವ ರಾತ್ರಿ ರೈಲಿನಲ್ಲಿ ಸೀಟು ಸಿಗುವುದು ಕಷ್ಟ. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆಯ ಸಮಯದಲ್ಲಂತೂ ಕೇಳುವುದೇ ಬೇಡ. ಇಂಥ ಹೊತ್ತಿನಲ್ಲೇ ವಾಟ್ಸ್ಆ್ಯಪ್ ಗುಂಪುಗಳಲ್ಲಿ, ಮರುಮಾರಾಟದ ಸೈಟುಗಳಲ್ಲಿ ‘ಕನ್ಫರ್ಮ್ ಟಿಕೆಟ್ ಇದೆ, ನಾನು ಹೋಗ್ತಿಲ್ಲ, ಬೇಕಾದವರು ತಗೊಳ್ಳಿ’ ಎಂಬ ಸಂದೇಶ ಬರುತ್ತದೆ. ಅದು ನಕಲಿಯೋ ಅಸಲಿಯೋ ಎಂದು ಯೋಚಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಟಿಕೆಟ್ ನೋಡುವವರು ಅದರಲ್ಲಿ ಯಾವುದನ್ನು ನೋಡಿ ನಮ್ಮನ್ನು ಒಳಗೆ ಬಿಡುತ್ತಾರೆ? ರೈಲಿನಲ್ಲಿ ಹೆಸರು ನೋಡುತ್ತಾರೆ. ಸಿನಿಮಾ ಮಂದಿರದಲ್ಲಿ ಕೋಡ್ ನೋಡುತ್ತಾರೆ. ದೊಡ್ಡ ಕಾರ್ಯಕ್ರಮಗಳಲ್ಲಿ ಆಯೋಜಕರು ಮಾಡಿದ್ದೇ ನಿಯಮ. ಹಾಗಾಗಿ ಮೂರಕ್ಕೂ ಒಂದೇ ಪರೀಕ್ಷೆ ಸಾಲುವುದಿಲ್ಲ.

ಜನ ಜಾಸ್ತಿ ಮೋಸ ಹೋಗುವ ರೈಲನ್ನೇ ಮೊದಲು ನೋಡೋಣ. ಸಾಗರದ ಒಬ್ಬ ಹುಡುಗಿ, ವಯಸ್ಸು 23, ಸೋಮವಾರ ಬೆಳಗ್ಗೆ ಬೆಂಗಳೂರಿನಲ್ಲಿ ಇಂಟರ್‌ವ್ಯೂಗೆ ಹೋಗಬೇಕು ಎಂದುಕೊಳ್ಳಿ. ಭಾನುವಾರದ 16228 ತಾಳಗುಪ್ಪ–ಮೈಸೂರು ಎಕ್ಸ್‌ಪ್ರೆಸ್‌ನಲ್ಲಿ ಸ್ಲೀಪರ್ ಪೂರ್ತಿ ವೇಟಿಂಗ್. ಅಷ್ಟರಲ್ಲಿ ಒಬ್ಬರು ತಮ್ಮ ಟಿಕೆಟ್‌ನ ಪಿಡಿಎಫ್ ಕಳಿಸಿ, ಸ್ವಲ್ಪ ಹೆಚ್ಚಿಗೆ ದುಡ್ಡು ಕೇಳುತ್ತಾರೆ. ಇವಳು ಹತ್ತು ಅಂಕಿಯ ಪಿಎನ್‌ಆರ್ ಅನ್ನು ರೈಲ್ವೆ ಸೈಟಿನಲ್ಲೇ ಹಾಕಿ ನೋಡುತ್ತಾಳೆ. ರೈಲು ಸರಿ, ದಿನಾಂಕ ಸರಿ, ಮುಂದೆ CNF ಎಂದೂ ಇದೆ. ಟಿಕೆಟ್ ಅಸಲಿ ಅಂತ ಆಯ್ತಲ್ವಾ?

ಆಯ್ತು. ಆದರೆ ಅದು ಅವಳ ಟಿಕೆಟ್ ಅಲ್ಲ. ಪಿಎನ್‌ಆರ್ ಹಾಕಿದಾಗ ಬರುವ ಪುಟದಲ್ಲಿ ಪ್ರಯಾಣಿಕರ ಹೆಸರು ಇರುವುದಿಲ್ಲ. ಮೊದಲನೇ ಪ್ರಯಾಣಿಕ, ಎರಡನೇ ಪ್ರಯಾಣಿಕ ಎಂದಷ್ಟೇ ತೋರಿಸಿ, ಪಕ್ಕದಲ್ಲಿ ಸೀಟಿನ ಸ್ಥಿತಿ ಕೊಡುತ್ತಾರೆ. ಹೆಸರು, ವಯಸ್ಸು, ಗಂಡಸೋ ಹೆಂಗಸೋ ಎಂಬುದು ಟಿಟಿಇ ಬಳಿ ಇರುವ ಪಟ್ಟಿಯಲ್ಲಿರುತ್ತದೆ. ಪಿಡಿಎಫ್‌ನಲ್ಲಿ ಹೆಸರು ಅಳಿಸಿ ಅವಳ ಹೆಸರು ಕೂರಿಸುವುದು ಸುಲಭ. ಆದರೆ ಟಿಕೆಟ್ ಮಾರಿದವರು 41 ವರ್ಷದ ಗಂಡಸಾಗಿದ್ದರೆ, ಟಿಟಿಇ ಕೈಯಲ್ಲಿನ ಪಟ್ಟಿಯಲ್ಲಿ ಅವರ ಹೆಸರೇ ಇರುತ್ತದೆ. ಗುರುತಿನ ಚೀಟಿ ಆ ಹೆಸರಿಗೆ ತಾಳೆಯಾಗದಿದ್ದರೆ ಟಿಕೆಟ್ ಇಲ್ಲದವರ ಲೆಕ್ಕಕ್ಕೆ ಸೇರಿಸುತ್ತಾರೆ. ಆಗ ಪೂರ್ತಿ ದರದ ಜೊತೆಗೆ ಕನಿಷ್ಠ 250 ರೂಪಾಯಿ ದಂಡ ಕಟ್ಟಬೇಕಾಗುತ್ತದೆ.

ಇನ್ನೊಂದು ಅಪಾಯ ಹಣ ಕೊಟ್ಟ ಮೇಲಿನದು. ಟಿಕೆಟ್ ಬುಕ್ ಆಗಿದ್ದು ಮಾರಿದವರ ಖಾತೆಯಲ್ಲಿ. ಅವರು ಭಾನುವಾರ ಮಧ್ಯಾಹ್ನ ಕ್ಯಾನ್ಸಲ್ ಒತ್ತಿದರೆ, ನಿಯಮದ ಪ್ರಕಾರ ರೀಫಂಡ್ ಎಷ್ಟು ಬರುತ್ತದೋ ಅಷ್ಟೂ ಅವರಿಗೇ ಹೋಗುತ್ತದೆ. ನಿಮ್ಮ ಹಣವೂ ಅವರ ಬಳಿಯೇ ಉಳಿಯುತ್ತದೆ. ಶುಕ್ರವಾರ CNF ಎಂದು ಕಂಡಿದ್ದು ಭಾನುವಾರಕ್ಕೆ ಗ್ಯಾರಂಟಿ ಅಲ್ಲ.

ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. 1989ರ ರೈಲ್ವೆ ಕಾಯ್ದೆಯ 142ನೇ ಕಲಂ ಪ್ರಕಾರ, ಕಾಯ್ದಿರಿಸಿದ ಟಿಕೆಟ್ಟನ್ನು ಇನ್ನೊಬ್ಬರಿಗೆ ಮಾರುವುದೇ ಅಪರಾಧ. ಮಾರಿದವರಷ್ಟೇ ಅಲ್ಲ, ಕೊಂಡವರೂ ಸಿಕ್ಕಿಬೀಳಬಹುದು. ಅಂದರೆ ರೈಲಿನ ಮಟ್ಟಿಗೆ ಒಳ್ಳೆಯ ಮರುಮಾರಾಟದ ಸೈಟ್ ಎಂಬುದೇ ಇಲ್ಲ. ಅಲ್ಲಿ ಎಷ್ಟು ಸ್ಟಾರ್ ಇದೆ, ಎಷ್ಟು ಜನ ಮೆಚ್ಚಿದ್ದಾರೆ ಎಂದು ನೋಡುತ್ತಾ ಕೂರಬೇಡಿ.

ಹಾಗಾದರೆ ಮೊಬೈಲ್‌ನಲ್ಲಿರುವ ಬೇರೆ ಬೇರೆ ಬುಕಿಂಗ್ ಆ್ಯಪ್‌ಗಳೆಲ್ಲ ಏನು? ಅವುಗಳಲ್ಲಿ ಹಲವು ಐಆರ್‌ಸಿಟಿಸಿಯ ಅಧಿಕೃತ ಪಾಲುದಾರರು. ಗುರುತಿಸುವುದು ಕಷ್ಟವಲ್ಲ. ಪಾಲುದಾರ ಆ್ಯಪ್ ನಿಮ್ಮದೇ ಐಆರ್‌ಸಿಟಿಸಿ ಐಡಿ ಕೇಳುತ್ತದೆ. ಪಾಸ್‌ವರ್ಡ್ ಹಾಕುವ ಹೊತ್ತಿಗೆ ಐಆರ್‌ಸಿಟಿಸಿಯ ಪುಟ ತೆರೆಯುತ್ತದೆ. ಪ್ರಯಾಣಿಕರ ಹೆಸರನ್ನು ಬುಕ್ ಮಾಡುವಾಗ ನೀವೇ ತುಂಬುತ್ತೀರಿ. ಮರುಮಾರಾಟದಲ್ಲಿ ಇದ್ಯಾವುದೂ ಇರುವುದಿಲ್ಲ. ಸೀಟು ಮೊದಲೇ ಯಾರದ್ದೋ ಹೆಸರಲ್ಲಿ ಇರುತ್ತದೆ, ನೀವು ಸುಮ್ನೆ ದುಡ್ಡು ಕಳಿಸುವುದಷ್ಟೇ. ನಿಮ್ಮ ಹೆಸರು ತುಂಬುವ ಜಾಗವೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.

ಊರಿನ ಅಂಗಡಿಯಲ್ಲಿ ಟಿಕೆಟ್ ಮಾಡಿಸುವವರು ಇನ್ನೊಂದು ಕೆಲಸ ಮಾಡಬೇಕು. ಪ್ರಿಂಟ್ ಕೈಗೆ ಬಂದ ಕೂಡಲೇ ಕೆಳಗಿನ ಸಣ್ಣ ಅಕ್ಷರ ಓದಿ. ಇದು ವೈಯಕ್ತಿಕ ಐಡಿಯಿಂದ ಬುಕ್ ಆದ ಟಿಕೆಟ್, ಇದನ್ನು ಮಾರುವುದು 143ನೇ ಕಲಂ ಪ್ರಕಾರ ಅಪರಾಧ ಎಂದು ಇಂಗ್ಲಿಷ್‌ನಲ್ಲಿ ಇದ್ದರೆ, ಅಂಗಡಿಯವರು ಅಧಿಕೃತ ಏಜೆಂಟರಾಗಿ ಅದನ್ನು ಮಾಡಿಲ್ಲ ಎಂದರ್ಥ. ಅಧಿಕೃತ ಏಜೆಂಟರು ಮಾಡಿಕೊಟ್ಟ ಟಿಕೆಟ್‌ನಲ್ಲಿ ಏಜೆನ್ಸಿಯ ವಿವರ ಇರುತ್ತದೆ. ಬುಕ್ ಮಾಡಿಸುವಾಗ ಮೊಬೈಲ್ ನಂಬರ್ ನಿಮ್ಮದನ್ನೇ ಕೊಡಿ. ಆಗ ಪಿಎನ್‌ಆರ್, ಸೀಟಿನ ಮೆಸೇಜ್ ನೇರವಾಗಿ ನಿಮಗೇ ಬರುತ್ತದೆ, ಮಧ್ಯದಲ್ಲಿ ಯಾರೂ ಬದಲಿಸಲಾಗದು.

ಟಿಕೆಟ್ಟಿನ ಹೆಸರು ಬದಲಿಸಲು ನಿಜವಾದ ದಾರಿಯೂ ಒಂದಿದೆ. ಅಪ್ಪ, ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಮಗ, ಮಗಳು, ಗಂಡ, ಹೆಂಡತಿ ಇವರಿಗೆ ಮಾತ್ರ ಕನ್ಫರ್ಮ್ ಟಿಕೆಟ್ ವರ್ಗಾಯಿಸಬಹುದು. ರೈಲು ಹೊರಡುವ 24 ಗಂಟೆ ಮೊದಲೇ ಸ್ಟೇಷನ್ನಿನ ರಿಸರ್ವೇಶನ್ ಕೌಂಟರ್‌ಗೆ ಟಿಕೆಟ್ ಪ್ರಿಂಟ್, ಗುರುತಿನ ಚೀಟಿ, ಸಂಬಂಧ ತೋರಿಸುವ ದಾಖಲೆ ಹಿಡಿದು ಹೋಗಬೇಕು. ಒಂದು ಟಿಕೆಟ್‌ಗೆ ಒಂದೇ ಸಲ ಈ ಅವಕಾಶ. ಗೆಳೆಯರಿಗೆ, ಪಕ್ಕದ ಮನೆಯವರಿಗೆ ಆಗುವುದಿಲ್ಲ.

ಸಾಗರದ ಹುಡುಗಿ ಏನು ಮಾಡಬಹುದು? ಹಿಂದಿನ ದಿನ ಬೆಳಗ್ಗೆ 11ಕ್ಕೆ ಸ್ಲೀಪರ್ ತತ್ಕಾಲ್ ತೆರೆಯುತ್ತದೆ. ಎಸಿಗೆ 10 ಗಂಟೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ, ಹಾಗಾಗಿ ಅದನ್ನು ಮೊದಲೇ ಮುಗಿಸಿಕೊಳ್ಳಬೇಕು. ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ಏಜೆಂಟರಿಗೆ ಬುಕಿಂಗ್ ಇಲ್ಲ, ಆ ಹೊತ್ತು ನಮ್ಮಂಥವರದ್ದು. ಅಲ್ಲೂ ಸಿಗದಿದ್ದರೆ ಚಾರ್ಟ್ ಆದ ಮೇಲೆ ಉಳಿದ ಸೀಟುಗಳಿಗೆ ಕರೆಂಟ್ ಬುಕಿಂಗ್ ನೋಡಬಹುದು. ಅದೂ ಆಗದಿದ್ದರೆ ksrtc.in ತೆರೆದು ರಾತ್ರಿ ಬಸ್ ಹಿಡಿಯುವುದೇ ಮೇಲು.

ಸಿನಿಮಾ ಟಿಕೆಟ್ ವಿಷಯ ಬೇರೆ. ಅಲ್ಲಿ ಸಾಮಾನ್ಯವಾಗಿ ಹೆಸರು ಕೇಳುವುದಿಲ್ಲ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಮೊದಲು ಸ್ಕ್ಯಾನ್ ಆದವರು ಒಳಗೆ. ಒಂದೇ ಸ್ಕ್ರೀನ್‌ಶಾಟ್ ನಾಲ್ಕು ಜನಕ್ಕೆ ಮಾರಿದ್ದರೆ ಉಳಿದ ಮೂವರು ಶಿವಮೊಗ್ಗದ ಬಿಸಿಲಲ್ಲಿ ಹೊರಗೇ ನಿಲ್ಲಬೇಕು. ಹಾಗಾಗಿ ಗುರುತಿದ್ದವರಿಂದ ಮಾತ್ರ ತಗೊಳ್ಳಿ. ಆಗಲೂ ಸ್ಕ್ರೀನ್‌ಶಾಟ್ ಬೇಡ, ಬುಕಿಂಗ್ ಆ್ಯಪ್‌ನಲ್ಲೇ ವರ್ಗಾಯಿಸುವ ಸೌಲಭ್ಯ ಇದ್ದರೆ ಅದರಿಂದಲೇ ಕಳಿಸಲು ಹೇಳಿ.

ದೊಡ್ಡ ಸಂಗೀತ ಕಾರ್ಯಕ್ರಮಗಳಲ್ಲಿ ಕಳೆದುಕೊಳ್ಳುವ ಮೊತ್ತ ದೊಡ್ಡದು. 2024ರ ಸೆಪ್ಟೆಂಬರ್‌ನಲ್ಲಿ ಕೋಲ್ಡ್‌ಪ್ಲೇ ತಂಡದ ಮುಂಬೈ ಕಾರ್ಯಕ್ರಮದ ಟಿಕೆಟ್ ಬುಕ್‌ಮೈಶೋದಲ್ಲಿ ಖಾಲಿಯಾದ ಮೇಲೆ, ಬೇರೆ ಸೈಟುಗಳಲ್ಲಿ ಲಕ್ಷಗಟ್ಟಲೆ ಬೆಲೆ ಹಾಕಿದ್ದರು. ಆ ಸೈಟುಗಳಿಗೂ ತನಗೂ ಸಂಬಂಧವಿಲ್ಲ ಎಂದು ಬುಕ್‌ಮೈಶೋ ಹೇಳಬೇಕಾಯಿತು. ಅದಕ್ಕೇ ಗೂಗಲ್‌ನಲ್ಲಿ ಹುಡುಕಿ ಮೇಲೆ ಬಂದ ಜಾಹೀರಾತು ಒತ್ತಬೇಡಿ. ಕಲಾವಿದರ ಅಥವಾ ಆಯೋಜಕರ ಅಧಿಕೃತ ಪುಟಕ್ಕೆ ಹೋಗಿ, ಅಲ್ಲಿ ಕೊಟ್ಟ ಲಿಂಕ್‌ನಿಂದಲೇ ಟಿಕೆಟ್ ಸೈಟಿಗೆ ಹೋಗಿ. ಟಿಕೆಟ್ ಬೇರೆಯವರಿಗೆ ಕೊಡಬಹುದೇ, ಗೇಟಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆಯೇ ಎಂಬುದನ್ನು ಅಲ್ಲಿನ ನಿಯಮಗಳಲ್ಲಿ ಓದಿ.

ದುಡ್ಡು ಹೋಗಿಯೇಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಯಲು ಮೊದಲ ಕೆಲವು ಗಂಟೆ ಬಹಳ ಮುಖ್ಯ. ಆಮೇಲೆ cybercrime.gov.in ನಲ್ಲಿ ದೂರು ದಾಖಲಿಸಿ. ಹಣ ಕಳಿಸಿದ ಯುಪಿಐ ವಿವರ, ಚಾಟ್, ಟಿಕೆಟ್ ಪಿಡಿಎಫ್ ಯಾವುದನ್ನೂ ಅಳಿಸಬೇಡಿ. ರೈಲಿನ ಟಿಕೆಟ್ ಆಗಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೂ ತಿಳಿಸಿ. ರೀಫಂಡ್ ಕೊಡಿಸುತ್ತೇವೆ ಎಂದು ಯಾರಾದರೂ ಫೋನ್ ಮಾಡಿ ಯುಪಿಐ ಪಿನ್ ಕೇಳಿದರೆ ಕರೆ ಕಟ್ ಮಾಡಿ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ.