ಕಬ್ಬಿಣದ ಮಾತ್ರೆ ನಾಟದಿದ್ದಾಗ ಜಠರದತ್ತ ನೋಡಿದ ಅನುಭವ

ಕರಾವಳಿಯ ಅರವತ್ತರ ಆಸುಪಾಸಿನ ಮಹಿಳೆಯೊಬ್ಬರು ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ 8 ದಾಟಿಲ್ಲವೆಂದು ನನ್ನ ಬಳಿ ಬಂದರು. ಮಲದಲ್ಲಿ ರಕ್ತದ ಸುಳಿವಿರಲಿಲ್ಲ. ಕೆಂಪುಕಣಗಳ ಸರಾಸರಿ ಗಾತ್ರ 88, ಅಂದರೆ ಸರಿಯಾಗಿಯೇ ಇದೆ ಎನ್ನಿಸುವಂಥದ್ದು. ನನಗೆ ಅನುಮಾನ ಬಂದದ್ದು ಅಲ್ಲೇ. ಕಬ್ಬಿಣದ ಕೊರತೆಯಲ್ಲಿ ಕಣಗಳು ಕುಗ್ಗುತ್ತವೆ, ಬಿ12 ಕೊರತೆಯಲ್ಲಿ ಹಿಗ್ಗುತ್ತವೆ; ಎರಡೂ ಕೂಡಿದರೆ ಸರಾಸರಿ ನಡುವೆ ನಿಂತು ಕಣ್ಣು ಮರೆಸುತ್ತದೆ. ಹಾಗಾಗಿ ರಕ್ತದ ಲೇಪನವನ್ನು ನಾನೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಚಿಕ್ಕ, ಪೇಲವ ಕಣಗಳ ನಡುವೆ ದೊಡ್ಡ ಅಂಡಾಕಾರದವೂ ಇದ್ದವು. ಬಿಳಿಕಣಗಳ ಕೋಶಕೇಂದ್ರ ಆರೇಳು ಹಾಲೆಗಳಾಗಿ ಒಡೆದಿತ್ತು, ಬಿ12 ಕೊರತೆಯ ಗುರುತು ಅದು. ದೇಹದ ಕಬ್ಬಿಣದ ದಾಸ್ತಾನನ್ನು ತೋರುವ ಫೆರಿಟಿನ್ 6, ಬಿ12 110; ಎರಡೂ ತೀರಾ ಕಡಿಮೆ.

"ಮೀನಿಲ್ಲದ ಊಟ ನಮ್ಮಲ್ಲಿಲ್ಲ ಡಾಕ್ಟರೇ" ಎಂದರು. ಮೀನಿನಲ್ಲಿ ಬಿ12 ಧಾರಾಳವಾಗಿದೆ. ಹಾಗಿದ್ದರೆ ಕೊರತೆ ತಟ್ಟೆಯದಲ್ಲ, ಹೀರಿಕೆಯದು.

ಆಹಾರದ ಪ್ರೋಟೀನಿಗೆ ಅಂಟಿದ ಬಿ12 ಅನ್ನು ಜಠರದ ಆಮ್ಲ ಮತ್ತು ಪೆಪ್ಸಿನ್ ಎಂಬ ಕಿಣ್ವ ಬಿಡಿಸುತ್ತವೆ. ಮುಂದೆ ಸಣ್ಣಕರುಳಿನಲ್ಲಿ ಅದು ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನನ್ನು ಸೇರಿಕೊಂಡರೆ ಮಾತ್ರ ಕರುಳಿನ ಕೊನೆಯ ಭಾಗ ಅದನ್ನು ಒಳಗೆಳೆಯುತ್ತದೆ. ಸೊಪ್ಪು, ಕಾಳುಗಳ ಕಬ್ಬಿಣವನ್ನು ಕರಗಿದ ಸ್ಥಿತಿಯಲ್ಲಿಟ್ಟು ಸಣ್ಣಕರುಳಿನ ಮೊದಲ ಭಾಗಕ್ಕೆ ತಲುಪಿಸುವುದೂ ಆಮ್ಲವೇ. ಈ ಆಮ್ಲ, ಇಂಟ್ರಿನ್ಸಿಕ್ ಫ್ಯಾಕ್ಟರ್ ಎರಡನ್ನೂ ಒಸರಿಸುವುದು ಜಠರದ ಪೆರೈಟಲ್ ಕೋಶಗಳು. ಆ ಕೋಶಗಳು ಹಾಳಾದರೆ ಎರಡೂ ಕೈಕೊಡುತ್ತವೆ. ಯಕೃತ್ತಿನಲ್ಲಿ ಬಿ12 ವರ್ಷಗಟ್ಟಲೆಯ ದಾಸ್ತಾನು ಇರುವುದರಿಂದ ಸಾಮಾನ್ಯವಾಗಿ ಕಬ್ಬಿಣದ ಕೊರತೆ ಮೊದಲು ಕಾಣಿಸುತ್ತದೆ.

ಅವರು ಬಹುಕಾಲದಿಂದ ಪ್ಯಾಂಟೊಪ್ರಜೋಲ್ ಸೇವಿಸುತ್ತಿದ್ದರು. ಅದೂ ಆಮ್ಲವನ್ನು ತಗ್ಗಿಸುತ್ತದೆ. ಆದರೆ ಇಷ್ಟು ದೊಡ್ಡ ಕೊರತೆಗೆ ಅದೊಂದೇ ಕಾರಣವೆಂದು ಒಪ್ಪಲು ನನಗೆ ಮನಸ್ಸಾಗಲಿಲ್ಲ. ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧದ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂತು. ಎಂಡೋಸ್ಕೋಪಿಯಲ್ಲಿ ಜಠರದ ಮೇಲ್ಭಾಗದ ಒಳಪೊರೆ ಸವೆದು ತೆಳುವಾಗಿತ್ತು. ದೇಹವೇ ತನ್ನ ಕೋಶಗಳನ್ನು ನಾಶಮಾಡುವ ಗ್ಯಾಸ್ಟ್ರೈಟಿಸ್ ಇದು.

ಕಾಲು ಜೋಮು ಹಿಡಿಯುತ್ತದೆ ಎಂದಿದ್ದರು. 128 ಹರ್ಟ್ಸ್‌ನ ಶ್ರುತಿಕವೆಯನ್ನು ಕಾಲಿನ ಹೆಬ್ಬೆರಳಿಗೆ ಒತ್ತಿದಾಗ ಕಂಪನವೇ ತಿಳಿಯಲಿಲ್ಲ; ಬಿ12 ಕೊರತೆ ನರಗಳನ್ನೂ ತಟ್ಟಿತ್ತು. ಇಂಥವರಿಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಮುಂದುವರಿಯುತ್ತದೆ. ಅದಕ್ಕೇ ತಡಮಾಡದೆ 1000 ಮೈಕ್ರೋಗ್ರಾಂ ಬಿ12 ಚುಚ್ಚುಮದ್ದು ಆರಂಭಿಸಿದೆ: ಮೊದಲ ವಾರ ದಿನವೂ, ಆಮೇಲೆ ಒಂದು ತಿಂಗಳು ವಾರಕ್ಕೊಮ್ಮೆ, ನಂತರ ಜೀವನಪೂರ್ತಿ ತಿಂಗಳಿಗೊಮ್ಮೆ. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದೆಯೂ ನುಂಗಿದ ಬಿ12ರ ಸುಮಾರು ಶೇ. 1ರಷ್ಟು ತಾನಾಗಿ ಒಳಸೇರುತ್ತದೆ. ಆದ್ದರಿಂದ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆಯೂ ಸಾಲಬಹುದು; ನರದ ತೊಂದರೆ ಇದ್ದುದರಿಂದ ನಾನು ಅದನ್ನು ನೆಚ್ಚಲಿಲ್ಲ.

ಕಬ್ಬಿಣವನ್ನು ರಕ್ತನಾಳದ ಮೂಲಕವೇ ಕೊಟ್ಟೆ. ಅವರ ಕ್ಯಾಲ್ಸಿಯಂ ಮಾತ್ರೆ ಕಾರ್ಬೊನೇಟ್ ಆಗಿತ್ತು. ಅದು ಕರಗಲು ಆಮ್ಲ ಬೇಕು, ಸಾಲದೆಂಬಂತೆ ಒಟ್ಟಿಗೆ ನುಂಗಿದರೆ ಕಬ್ಬಿಣಕ್ಕೂ ಅಡ್ಡಬರುತ್ತದೆ. ಆಮ್ಲದ ಹಂಗಿಲ್ಲದ ಸಿಟ್ರೇಟ್‌ಗೆ ಬದಲಿಸಿದೆ. ಒಂದು ವಾರಕ್ಕೆ ಎಳೆಯ ಕೆಂಪುಕಣಗಳ ಎಣಿಕೆ ಜಿಗಿಯಿತು. ಚಿಕಿತ್ಸೆ ನಾಟಿದೆ ಎಂಬುದಕ್ಕೆ ನಾನು ಮೊದಲು ಹುಡುಕುವ ಗುರುತು ಅದೇ. ಹಿಮೋಗ್ಲೋಬಿನ್ ಅದರ ಹಿಂದೆಯೇ ಏರಿತು. ಪಾದದ ಜೋಮು ಮಾತ್ರ ನಿಧಾನವಾಗಿ, ಅರೆಬರೆ ಇಳಿಯಿತು. ಈ ಕಾಯಿಲೆಯಲ್ಲಿ ಜಠರದ ಗೆಡ್ಡೆಗಳ ಅಪಾಯ ಹೆಚ್ಚಿರುವುದರಿಂದ ಅವರ ಎಂಡೋಸ್ಕೋಪಿ ಆಗಾಗ ನಡೆಯುತ್ತಲೇ ಇದೆ.