ಆಯ್ಕೆಗಳನ್ನು ಓದುವ ಮೊದಲೇ ಡಿಗ್ರಿ ನಿರ್ಧರಿಸುವುದು: ನನ್ನ ಅನುಭವ

ಕೇಂದ್ರ ಸರ್ಕಾರದ ಹುದ್ದೆಗಳಿಗಾಗಿ ಎಸ್‌ಎಸ್‌ಸಿ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆಗಳು, ಅವುಗಳಲ್ಲಿ 25 ಇಂಗ್ಲಿಷಿನವು, ಪ್ರತಿ ತಪ್ಪು ಉತ್ತರಕ್ಕೂ ಅರ್ಧ ಅಂಕ ಕಡಿತ. ಆ ಪರೀಕ್ಷೆಗೆ ಓದುವಾಗ ಡಿಗ್ರೀಸ್ ಆಫ್ ಕಂಪ್ಯಾರಿಸನ್ ಪಾಠವನ್ನು ನಾನು ಪಾಸಿಟಿವ್, ಕಂಪ್ಯಾರಟಿವ್, ಸೂಪರ್ಲೇಟಿವ್ ಎಂಬ ಪಟ್ಟಿಯಾಗಿ ಬಾಯಿಪಾಠ ಮಾಡುವುದನ್ನು ಬಿಟ್ಟು, ಪ್ರಶ್ನೆಯನ್ನು ಓದುವ ಕ್ರಮವನ್ನೇ ಅಭ್ಯಾಸ ಮಾಡಿದೆ. ಮಾದರಿ ಪತ್ರಿಕೆ ಬಿಡಿಸುವಾಗ ನಾಲ್ಕು ಆಯ್ಕೆಗಳ ಮೇಲೆ ಒಂದು ಕಾಗದದ ತುಂಡು ಇಟ್ಟು, ವಾಕ್ಯವನ್ನು ಮಾತ್ರ ಓದಿ, ಯಾವ ಡಿಗ್ರಿ ಬೇಕು ಮತ್ತು ಅದನ್ನು ಬೇಡುತ್ತಿರುವ ಪದ ಯಾವುದು ಎಂದು ಬದಿಯಲ್ಲಿ ಬರೆದುಕೊಂಡ ಮೇಲಷ್ಟೇ ಕಾಗದ ಸರಿಸುತ್ತಿದ್ದೆ. ಆಯ್ಕೆಗಳನ್ನು ಮೊದಲು ಓದಿದರೆ ಕಿವಿಗೆ ಹೆಚ್ಚು ಪರಿಚಿತವಾಗಿ ಕೇಳುವುದೇ ಸರಿಯೆನಿಸುತ್ತದೆ. ಪ್ರಶ್ನೆ ತಯಾರಿಸುವವರು ಒಡ್ಡುವ ಬಲೆ ಬಹುತೇಕ ಅದೇ.

ಎಲ್ಡರ್ ಮತ್ತು ಓಲ್ಡರ್ ಪದಗಳ ಮೇಲಿನ ಒಂದು ಪ್ರಶ್ನೆಯನ್ನು ಬಿಡಿಸಿ ತೋರಿಸುತ್ತೇನೆ. ವಾಕ್ಯ ಹೀಗಿದೆ: ‘ಮೈ ____ ಬ್ರದರ್ ಈಸ್ ತ್ರೀ ಇಯರ್ಸ್ ____ ದ್ಯಾನ್ ಮಿ.’ ಆಯ್ಕೆಗಳು ‘ಎಲ್ಡರ್, ಎಲ್ಡರ್’, ‘ಓಲ್ಡರ್, ಎಲ್ಡರ್’, ‘ಎಲ್ಡರ್, ಓಲ್ಡರ್’ ಮತ್ತು ‘ಎಲ್ಡೆಸ್ಟ್, ಎಲ್ಡರ್’. ಹೆಚ್ಚಿನವರು ಮೊದಲ ಖಾಲಿ ಜಾಗದಿಂದ ಶುರು ಮಾಡುತ್ತಾರೆ. ಅಲ್ಲಿ ಓಲ್ಡರ್ ಬ್ರದರ್ ಎಂಬುದೂ ಬಳಕೆಯಲ್ಲಿರುವುದರಿಂದ ನಿರ್ಧಾರ ಸಿಗದೆ ಸಮಯ ಹೋಗುತ್ತದೆ. ನಾನು ಎರಡನೆಯ ಜಾಗದಿಂದ ಶುರು ಮಾಡುತ್ತೇನೆ, ಏಕೆಂದರೆ ಅದರ ಪಕ್ಕದಲ್ಲೇ ದ್ಯಾನ್ ನಿಂತಿದೆ. ಎಲ್ಡರ್ ಪದ ಒಂದೇ ಕುಟುಂಬದವರ ವಿಷಯದಲ್ಲಿ, ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲು ಬರುತ್ತದೆಯೇ ಹೊರತು ಅದರ ನಂತರ ದ್ಯಾನ್ ಬರುವುದಿಲ್ಲ. ಈ ಒಂದೇ ಕಾರಣಕ್ಕೆ ಮೂರು ಆಯ್ಕೆಗಳು ಒಟ್ಟಿಗೆ ಬಿದ್ದುಹೋಗಿ ‘ಎಲ್ಡರ್, ಓಲ್ಡರ್’ ಉಳಿಯುತ್ತದೆ. ಎರಡು ಖಾಲಿ ಜಾಗಗಳಿರುವ ಯಾವುದೇ ಪ್ರಶ್ನೆಯಲ್ಲಿ ನಿಯಮ ಗಟ್ಟಿಯಾಗಿರುವ ಜಾಗ ಯಾವುದೆಂದು ಮೊದಲು ಹುಡುಕುವುದು ಇದರಿಂದ ನನಗೆ ರೂಢಿಯಾಯಿತು.

ಡಬಲ್ ಕಂಪ್ಯಾರಟಿವ್ ವಿಷಯದಲ್ಲಿ ತೊಂದರೆ ಬೇರೆ ಬಗೆಯದು. ಮೋರ್ ಬೆಟರ್ ತಪ್ಪು ಎಂದು ಎಲ್ಲರಿಗೂ ಗೊತ್ತಿರುತ್ತದೆ, ಆದರೆ ಏಕೆ ತಪ್ಪು ಎಂಬುದು ಗೊತ್ತಿರುವುದಿಲ್ಲ. ಹೀಗಾಗಿ ‘ದಿಸ್ ರೋಡ್ ಈಸ್ ಮೋರ್ ಸೇಫರ್ ದ್ಯಾನ್ ದಟ್ ಒನ್’ ಎಂಬ ವಾಕ್ಯವನ್ನು ತಿದ್ದಲು ಮಚ್ ಸೇಫರ್, ವೆರಿ ಸೇಫರ್, ಸೇಫೆಸ್ಟ್ ಮತ್ತು ‘ನೋ ಇಂಪ್ರೂವ್‌ಮೆಂಟ್’ ಎಂಬ ಆಯ್ಕೆಗಳು ಬಂದಾಗ, ಎರಡು ಪದ ಒಟ್ಟಿಗಿರುವುದೇ ತಪ್ಪೆಂದು ಭಾವಿಸಿದವರು ಸರಿಯುತ್ತರವಾದ ಮಚ್ ಸೇಫರ್ ಅನ್ನೂ ಬಿಟ್ಟುಬಿಡುತ್ತಾರೆ. ಮೋರ್ ಎಂಬ ಪದವೂ ಸೇಫರ್‌ನ ಕೊನೆಯ ಭಾಗವೂ ಮಾಡುವ ಕೆಲಸ ಒಂದೇ, ಅಂದರೆ ಕಂಪ್ಯಾರಟಿವ್ ರೂಪ ಕೊಡುವುದು. ಆದ್ದರಿಂದ ಎರಡೂ ಇರುವಂತಿಲ್ಲ. ಮಚ್ ಮತ್ತು ಫಾರ್ ಮಾಡುವ ಕೆಲಸ ಬೇರೆ: ಎರಡರ ನಡುವಿನ ಅಂತರ ಎಷ್ಟು ದೊಡ್ಡದೆಂದು ಅವು ಹೇಳುತ್ತವೆ. ವೆರಿ ಪಾಸಿಟಿವ್ ರೂಪದ ಜೊತೆ ಸರಿ, ಕಂಪ್ಯಾರಟಿವ್ ಜೊತೆ ಸಲ್ಲದು. ಯಾವ ಪದ ಯಾವ ಕೆಲಸಕ್ಕೆ ನಿಂತಿದೆ ಎಂದು ಕೇಳಿಕೊಂಡರೆ ಇಲ್ಲಿ ಗೊಂದಲಕ್ಕೆ ಎಡೆಯೇ ಇರುವುದಿಲ್ಲ.

ಒಂದೇ ವಾಕ್ಯದಲ್ಲಿ ಎರಡು ಕಂಪ್ಯಾರಟಿವ್ ಇರಲೇಬೇಕಾದ ಸಂದರ್ಭವೂ ಇದೆ: ‘ದ ಹೈಯರ್ ಯು ಗೋ, ____ ಇಟ್ ಗೆಟ್ಸ್.’ ಕೊಟ್ಟಿರುವ ಆಯ್ಕೆಗಳು ಕೋಲ್ಡರ್, ದ ಕೋಲ್ಡರ್, ದ ಮೋರ್ ಕೋಲ್ಡರ್, ದ ಕೋಲ್ಡೆಸ್ಟ್. ‘ದ’ ಬಂದರೆ ಸೂಪರ್ಲೇಟಿವ್ ಎಂದು ಕಂಠಪಾಠ ಮಾಡಿದವರು ಕೊನೆಯದನ್ನು ಗುರುತಿಸುತ್ತಾರೆ. ಒಂದು ಹೆಚ್ಚಾದಂತೆ ಇನ್ನೊಂದೂ ಬದಲಾಗುತ್ತದೆ ಎಂಬ ಈ ಬಗೆಯ ವಾಕ್ಯದಲ್ಲಿ ಎರಡೂ ಕಡೆ ‘ದ’ ಮತ್ತು ಕಂಪ್ಯಾರಟಿವ್ ಜೋಡಿಯಾಗಿ ಬರಬೇಕಾದ್ದರಿಂದ ಉತ್ತರ ದ ಕೋಲ್ಡರ್. ಇಬ್ಬರಲ್ಲಿ ಒಬ್ಬರನ್ನು ಆರಿಸಿ ಹೇಳುವಾಗಲೂ ಹೀಗೆಯೇ, ‘ದ ಟಾಲರ್ ಆಫ್ ದ ಟೂ’ ಎಂದಾಗುತ್ತದೆ.

ಅತ್ಯಂತ ಎಚ್ಚರದಿಂದ ಓದಬೇಕಾದದ್ದು ನನ್ನ ದೃಷ್ಟಿಯಲ್ಲಿ ಎನಿ ಮತ್ತು ಎನಿ ಅದರ್ ಪ್ರಶ್ನೆಗಳು, ಏಕೆಂದರೆ ಇಲ್ಲಿ ವ್ಯಾಕರಣದ ಜೊತೆಗೆ ಅರ್ಥವನ್ನೂ ನೋಡಬೇಕು. ‘ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ’ ಎಂಬ ವಾಕ್ಯ ತಪ್ಪು. ಮುಳ್ಳಯ್ಯನಗಿರಿಯೂ ಕರ್ನಾಟಕದ ಶಿಖರವೇ ಆದ್ದರಿಂದ ಅದು ತನಗಿಂತ ತಾನೇ ಎತ್ತರ ಎಂದು ಹೇಳಿದಂತಾಗುತ್ತದೆ. ಎನಿ ಅದರ್ ಪೀಕ್ ಎನ್ನಬೇಕು. ಈ ನಿಯಮವನ್ನು ಅರೆಬರೆ ಕಲಿತವರು ಎಲ್ಲಿ ಎನಿ ಕಂಡರೂ ಅದರ್ ಸೇರಿಸಲು ಹೊರಡುತ್ತಾರೆ. ಅವರಿಗಾಗಿಯೇ ಇಟ್ಟಂತೆ ‘ಆನೆಮುಡಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ’ ಎಂಬ ವಾಕ್ಯ ಬರುತ್ತದೆ. ಆನೆಮುಡಿ ಇರುವುದು ಕೇರಳದಲ್ಲಿ. ಕರ್ನಾಟಕದ ಶಿಖರಗಳ ಗುಂಪಿನಲ್ಲಿ ಅದು ಇಲ್ಲವೇ ಇಲ್ಲ, ಆದ್ದರಿಂದ ಅದರ್ ಬೇಡ, ಉತ್ತರ ‘ನೋ ಇಂಪ್ರೂವ್‌ಮೆಂಟ್’. ಇಂತಹ ವಾಕ್ಯ ಎದುರಾದಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಹೋಲಿಕೆಗೆ ಗುರಿಯಾದ ವಸ್ತು ದ್ಯಾನ್ ನಂತರ ಬರುವ ಗುಂಪಿನ ಒಳಗಿದೆಯೋ ಹೊರಗಿದೆಯೋ? ಒಳಗಿದ್ದರೆ ಅದರ್ ಬೇಕು, ಹೊರಗಿದ್ದರೆ ಬೇಡ. ಸೂಪರ್ಲೇಟಿವ್‌ನಿಂದ ಕಂಪ್ಯಾರಟಿವ್‌ಗೆ ವಾಕ್ಯವನ್ನು ಬದಲಾಯಿಸಿ ಬರೆಯುವ ಪ್ರಶ್ನೆಗಳಲ್ಲಿಯೂ ಇದೇ ಪರೀಕ್ಷೆ ಸಾಕಾಗುತ್ತದೆ.

ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಪದಗಳ ನಂತರ ದ್ಯಾನ್ ಬದಲು ಟು ಬರುತ್ತದೆ ಎಂಬುದು ಎಲ್ಲರೂ ಕಲಿಯುವ ಸಂಗತಿ, ಅದನ್ನು ಬೆಳೆಸುವುದಿಲ್ಲ. ಲೇಟೆಸ್ಟ್ ಮತ್ತು ಲಾಸ್ಟ್ ಪದಗಳಲ್ಲಿ ಮಾತ್ರ ಖಾಲಿ ಜಾಗದ ಸುತ್ತಮುತ್ತ ನೋಡಿದರೆ ಸಾಲದು, ವಾಕ್ಯವನ್ನು ಕೊನೆಯವರೆಗೆ ಓದಬೇಕು. ‘ದಿಸ್ ಈಸ್ ಹರ್ ____ ನಾವೆಲ್’ ಎಂಬಷ್ಟರಲ್ಲಿ ಎರಡೂ ಹೊಂದುತ್ತವೆ. ಮುಂದೆ ‘ಅಂಡ್ ಶಿ ಈಸ್ ಆಲ್ರೆಡಿ ರೈಟಿಂಗ್ ಅನದರ್’ ಎಂದಿದ್ದರೆ ಇದುವರೆಗಿನವುಗಳಲ್ಲಿ ಹೊಸದು ಎಂಬ ಅರ್ಥದ ಲೇಟೆಸ್ಟ್, ‘ಶಿ ಡೈಡ್ ಸೂನ್ ಆಫ್ಟರ್ ಫಿನಿಶಿಂಗ್ ಇಟ್’ ಎಂದಿದ್ದರೆ ಕೊನೆಯದು ಎಂಬ ಅರ್ಥದ ಲಾಸ್ಟ್. ಅವಸರದವರು ಖಾಲಿ ಜಾಗ ದಾಟಿದ ಕೂಡಲೇ ಉತ್ತರ ಗುರುತಿಸಿಬಿಡುತ್ತಾರೆ.

ಫಾರ್ದರ್ ಮತ್ತು ಫರ್ದರ್ ವಿಷಯದಲ್ಲಿ ನಿಯಮಕ್ಕೆ ಒಂದು ಮಿತಿಯಿದೆ. ಹೆಚ್ಚಿನ ಎಂಬ ಅರ್ಥದಲ್ಲಿ, ಅಂದರೆ ಫರ್ದರ್ ಇನ್ಫರ್ಮೇಶನ್, ವಿದೌಟ್ ಫರ್ದರ್ ಡಿಲೇ ಮುಂತಾದ ಕಡೆ ಫರ್ದರ್ ಒಂದೇ ಸರಿ. ದೂರದ ಅರ್ಥದಲ್ಲಿ ಇಂಗ್ಲಿಷ್ ಬಲ್ಲವರು ಎರಡನ್ನೂ ಬಳಸುತ್ತಾರೆ. ಖಾಲಿ ಜಾಗ ತುಂಬುವ ಪ್ರಶ್ನೆಯಲ್ಲಿ ಎರಡೂ ಕೊಟ್ಟು ದೂರವನ್ನೇ ಕೇಳಿದ್ದರೆ ಪಾಠದ ಪುಸ್ತಕಗಳ ಹಳೆಯ ವಿಂಗಡಣೆಯಂತೆ ಫಾರ್ದರ್ ಗುರುತಿಸುತ್ತೇನೆ. ತಪ್ಪು ಹುಡುಕುವ ಪ್ರಶ್ನೆಯಲ್ಲಾದರೆ ಹಾಗಲ್ಲ. ‘ಮೈಸೂರು ಈಸ್ ಫರ್ದರ್ ಫ್ರಮ್ ಬೆಂಗಳೂರು ದ್ಯಾನ್ ರಾಮನಗರ, ಅಂಡ್ ಇಟ್ ಈಸ್ ಆಲ್ಸೋ ಮೋರ್ ಬಿಗ್ಗರ್’ ಎಂಬ ವಾಕ್ಯದಲ್ಲಿ ಫರ್ದರ್ ಕಂಡ ಕೂಡಲೇ ಅದೇ ತಪ್ಪೆಂದು ಗುರುತಿಸಿದರೆ ಅರ್ಧ ಅಂಕ ಕಳೆದುಹೋಗುತ್ತದೆ. ಎರಡು ಬಗೆಯಲ್ಲೂ ಬಳಕೆಯಿರುವ ಪದವನ್ನು ಪಕ್ಕಕ್ಕಿಟ್ಟು ವಾಕ್ಯದ ಉಳಿದ ಭಾಗಗಳನ್ನು ಓದಿ ಮುಗಿಸುತ್ತೇನೆ. ಯಾರೂ ಒಪ್ಪದ ಮೋರ್ ಬಿಗ್ಗರ್ ಸಿಕ್ಕಿದರೆ ಅದನ್ನೇ ಗುರುತಿಸುತ್ತೇನೆ, ಬೇರೆ ಯಾವ ದೋಷವೂ ಸಿಗದಿದ್ದಾಗ ಮಾತ್ರ ಫರ್ದರ್ ಕಡೆಗೆ ಹಿಂದಿರುಗುತ್ತೇನೆ.